ಹೆಸರು ಮೊದ್ಲಾ, ಬಟ್ಟೆ ಮೊದ್ಲಾ? ಹೆಜ್ಜೆ ಎಷ್ಟು ದೊಡ್ಡದು ಅಂತ ಅಳೆಯೋದು ಹೇಗೆ

ಪ್ರಶ್ನೆ: ನಂಗೆ 26 ವರ್ಷ. ಹುಟ್ಟಿದಾಗ ಗಂಡು ಅಂತ ಬರೆಸಿದ್ದಾರೆ, ಆದ್ರೆ ನಾನು ಹೆಣ್ಣು ಅನ್ನೋದು ಎರಡು ವರ್ಷದಿಂದ ನಂಗೆ ಖಾತ್ರಿ ಇದೆ. ಇಬ್ರು ಫ್ರೆಂಡ್ಸ್‌ಗೆ ಮಾತ್ರ ಗೊತ್ತು. ಅಪ್ಪ ಅಮ್ಮನ ಜೊತೆ ಇದ್ದೀನಿ, ಆಫೀಸಿಗೆ ಹೋಗ್ತೀನಿ, ಹಾರ್ಮೋನ್ ಬಗ್ಗೆ ಇನ್ನೂ ಏನೂ ಡಿಸೈಡ್ ಮಾಡಿಲ್ಲ. ಹೆಸರು, ‘ಅವಳು’ ಅಂತ ಕರೆಸ್ಕೊಳ್ಳೋದು, ಬಟ್ಟೆ, ಇದ್ರಲ್ಲಿ ಯಾವುದು ಮೊದ್ಲು? ಒಬ್ಬ ಫ್ರೆಂಡ್ ಒಂದೇ ದಿನ ಎಲ್ಲರಿಗೂ ಹೇಳ್ಬಿಡು ಅಂತಾಳೆ, ಇನ್ನೊಬ್ಬ ನಿಧಾನ ಮಾಡು ಅಂತಾನೆ. ನಿಧಾನ ಅಂದ್ರೆ ಎಷ್ಟು ನಿಧಾನ?

ಉತ್ತರ: ನೀವು ಹೇಳಿರೋ ಪರಿಸ್ಥಿತೀಲಿ ನಾನು ಹೆಸರು ಮೊದ್ಲು ಅಂತೀನಿ, ಅದೂ ಆ ಇಬ್ಬರು ಫ್ರೆಂಡ್ಸ್ ಬಾಯಲ್ಲಿ ಮಾತ್ರ. ಹೆಸರಿನ ಹಿಂದೇನೇ ‘ಅವಳು’ ಬರತ್ತೆ. ಬಟ್ಟೆ ನಿಮ್ಮ ರೂಮಲ್ಲಿ ಸಣ್ಣದಾಗಿ ಯಾವಾಗ ಬೇಕಾದ್ರೂ ಶುರು ಮಾಡ್ಬೋದು, ಅದಕ್ಕೆ ಯಾರಿಗೂ ಕಾಯ್ಬೇಕಾಗಿಲ್ಲ. ಆಫೀಸು, ಅಪ್ಪ ಅಮ್ಮ ಎರಡೂ ಸದ್ಯಕ್ಕೆ ದೂರ ಇರ್ಲಿ. ಈ ಕ್ರಮ ಯಾಕೆ ಅಂತ ಬಿಡಿಸಿ ಹೇಳ್ತೀನಿ, ಕಾರಣ ಗೊತ್ತಿದ್ರೆ ನಿಮಗೆ ಬೇಕಾದ ಹಾಗೆ ಹಿಂದೆ ಮುಂದೆ ಮಾಡ್ಕೋಬೋದು.

ಟ್ರಾನ್ಸ್ ಜನರ ಜೊತೆ ಕೌನ್ಸೆಲಿಂಗ್ ಮಾಡ್ತಾ ಇರೋವಾಗ ನಾನು ಪದೇ ಪದೇ ನೋಡೋದು ಏನಂದ್ರೆ, ಹೆಚ್ಚಿನವರು ಹೆಜ್ಜೆಯ ಸೈಜನ್ನ ಕಣ್ಣಿಗೆ ಕಾಣೋದ್ರ ಮೇಲೆ ಅಳೀತಾರೆ. ಡ್ರೆಸ್ ಹಾಕೋದು ದೊಡ್ಡದು, ಫೋನಲ್ಲಿ ಹೆಸರು ಬದಲಿಸೋದು ಚಿಕ್ಕದು ಅಂತ. ನಿಜ ಅಂದ್ರೆ ಉಲ್ಟಾ ಇರತ್ತೆ ಎಷ್ಟೋ ಸಲ. ಬಾಗಿಲು ಹಾಕ್ಕೊಂಡು ರೂಮಲ್ಲಿ ಒಂದು ಗಂಟೆ ಡ್ರೆಸ್ ಹಾಕಿದ್ರೆ ಅದನ್ನ ಮಡಚಿ ಇಟ್ಟ ತಕ್ಷಣ ಮುಗೀತು, ಅದು ನಿಮ್ಮ ಹತ್ರಾನೇ ಉಳೀತು. ಅದೇ ನಲವತ್ತು ಜನ ಇರೋ ಒಂದು ಗ್ರೂಪಲ್ಲಿ ನಿಮ್ಮ ಪ್ರೊಫೈಲ್ ಹೆಸರು ಐದು ನಿಮಿಷ ಬದಲಾದ್ರೂ ಯಾರೋ ಒಬ್ಬರು ನೋಡಿರ್ತಾರೆ, ಅವರು ಇನ್ನೊಬ್ಬರಿಗೆ ಹೇಳಿರ್ತಾರೆ, ಅದನ್ನ ವಾಪಸ್ ತಗೊಳ್ಳೋಕೆ ಆಗಲ್ಲ. ಹಾಗಾಗಿ ಪ್ರತಿ ಹೆಜ್ಜೆಗೂ ಮುಂಚೆ ಎರಡೇ ವಿಷಯ ಕೇಳ್ಕೊಳ್ಳಿ, ಇದು ಎಷ್ಟು ಜನರ ಕಿವಿಗೆ ಬೀಳತ್ತೆ, ಅವರಿಂದ ಮುಂದೆ ಎಲ್ಲೆಲ್ಲಿಗೆ ಹೋಗತ್ತೆ. ಒಂದೇ ದಿನ ಎಲ್ಲರಿಗೂ ಹೇಳ್ಬಿಡು ಅನ್ನೋ ನಿಮ್ಮ ಫ್ರೆಂಡ್ ಮಾತಲ್ಲಿ ಪ್ರೀತಿ ಇದೆ, ಕೆಲವರಿಗೆ ಅದು ಸರಿಯಾಗಿ ಕೂತೂ ಕೂರತ್ತೆ, ಆದ್ರೆ ಅದು ಸ್ವಂತ ಮನೆ, ಸ್ವಂತ ದುಡಿಮೆ, ಕೆಲಸದಲ್ಲಿ ಭದ್ರತೆ ಮೂರೂ ಇರೋವ್ರಿಗೆ. ನಿಮ್ಮ ತಲೆ ಮೇಲಿನ ಸೂರು ಇನ್ನೊಬ್ಬರ ಕೈಲಿದೆ.

‘ಎಷ್ಟು ನಿಧಾನ’ ಅಂತ ಕೇಳಿದ್ದೀರಲ್ಲ, ಇದಕ್ಕೆ ಹಿಂದೆ ಒಂದು ಲೆಕ್ಕ ಇತ್ತು, ಅದರ ನೆರಳು ಈಗಲೂ ಉಳ್ಕೊಂಡಿದೆ, ಅದಕ್ಕೇ ಹೇಳ್ತೀನಿ. ಟ್ರಾನ್ಸ್ ಆರೋಗ್ಯದ ಬಗ್ಗೆ ಕೆಲಸ ಮಾಡೋ ಡಬ್ಲ್ಯುಪಾತ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ 1979ರಿಂದ ಮಾರ್ಗಸೂಚಿ ಹೊರಡಿಸ್ತಾ ಬಂದಿದೆ. ಅದರ ಏಳನೇ ಆವೃತ್ತಿವರೆಗೂ ಜನನಾಂಗದ ಸರ್ಜರಿಗೆ ಮುಂಚೆ 12 ತಿಂಗಳು ಬಿಡದೆ ತಮ್ಮ ಲಿಂಗದ ಗುರುತಲ್ಲೇ ಬದುಕಿರ್ಬೇಕು ಅನ್ನೋ ಮಾತಿತ್ತು. 2022ರಲ್ಲಿ ಬಂದ ಎಂಟನೇ ಆವೃತ್ತಿ ಆ 12 ತಿಂಗಳ ಷರತ್ತನ್ನ ಕೈಬಿಡ್ತು. ಆದ್ರೆ ‘ಒಂದು ವರ್ಷ ಬದುಕಿ ಪ್ರೂವ್ ಮಾಡ್ಬೇಕು’ ಅನ್ನೋ ಭಾವನೆ ಮಾತ್ರ ಹೋಗಿಲ್ಲ, ಸರ್ಜರಿ ಬೇಡ ಅನ್ನೋವ್ರೂ ಮನಸ್ಸಲ್ಲಿ ಗಡಿಯಾರ ಇಟ್ಕೊಂಡಿರ್ತಾರೆ, ಆರು ತಿಂಗಳಾಯ್ತು ಇನ್ನೂ ಆಫೀಸಲ್ಲಿ ಹೇಳಿಲ್ಲ, ಹಾಗಾದ್ರೆ ನಾನು ನಿಜವಾಗ್ಲೂ ಟ್ರಾನ್ಸ್ ಅಲ್ವಾ ಅಂತ ಕೊರಗ್ತಾರೆ. ಹೆಸರು, ಸರ್ವನಾಮ, ಬಟ್ಟೆ ಬದಲಿಸ್ಕೊಂಡು ಜನರ ಮಧ್ಯೆ ಬದುಕೋ ಸೋಶಿಯಲ್ ಟ್ರಾನ್ಸಿಷನ್ನಿಗೆ ಆ ಥರ ಗಡುವು ಯಾರೂ ಇಟ್ಟಿಲ್ಲ. ಒಂದು ಹೆಜ್ಜೆ ‘ಕೂತಿದೆ’ ಅಂತ ನಾನು ಹೇಗೆ ಗುರುತಿಸ್ತೀನಿ ಅಂದ್ರೆ, ಅದು ನಿಮಗೆ ಮರೆತು ಹೋಗೋಕೆ ಶುರು ಆಗತ್ತೆ. ಹೊಸ ಹೆಸರಲ್ಲಿ ಯಾರೋ ಕರೆದಾಗ ಮೊದಲ ವಾರ ಎದೆ ಹೊಡ್ಕೊಳತ್ತೆ, ಆಮೇಲೆ ಖುಷಿ ಆಗತ್ತೆ, ಆಮೇಲೆ ಒಂದು ದಿನ ಏನೂ ಆಗಲ್ಲ, ಸುಮ್ನೆ ‘ಏನು?’ ಅಂತ ತಿರುಗ್ತೀರಿ. ಆ ಏನೂ ಆಗದ ದಿನ ಬಂದ್ಮೇಲೆ ಮುಂದಿನ ಹೆಜ್ಜೆ. ಕೆಲವರಿಗೆ ಹತ್ತು ದಿನ, ಕೆಲವರಿಗೆ ನಾಲ್ಕು ತಿಂಗಳು.

ಒಬ್ಬರ ವಿಷಯ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರಗಳನ್ನ ಬದಲಿಸಿದ್ದೀನಿ, ನಿಧಿ ಅಂತ ಇಟ್ಕೊಳ್ಳೋಣ. ನಿಮ್ಮ ಹಾಗೇ ಇಬ್ಬರು ಫ್ರೆಂಡ್ಸ್, ಮನೆಯವರ ಜೊತೆ ವಾಸ. ಅವರು ಮೊದಲು ಆರಿಸ್ಕೊಂಡಿದ್ದು ಮಾನಸ ಅನ್ನೋ ಹೆಸರು. ಬಹಳ ವರ್ಷದಿಂದ ಮನಸ್ಸಲ್ಲಿ ಇಟ್ಕೊಂಡಿದ್ದ ಹೆಸರು ಅದು. ಫ್ರೆಂಡ್ಸ್ ಮೂರು ವಾರ ಹಾಗೇ ಕರೆದ್ರು. ಮೂರನೇ ವಾರ ನನ್ನ ಹತ್ರ ಬಂದು ಬೇಜಾರಲ್ಲಿ ಹೇಳಿದ್ದು, ‘ಪ್ರತಿ ಸಲ ಕರೆದಾಗ ನಾನು ರೆಡಿ ಆಗ್ತೀನಿ, ಬಟ್ಟೆ ಸರಿ ಮಾಡ್ಕೊಂಡು ನಿಂತ ಹಾಗೆ, ನಂಗೆ ಹೆಣ್ಣಾಗೋದೇ ಬೇಡ್ವೇನೋ ಅನ್ಸ್ತಿದೆ’ ಅಂತ. ನಾನು ಕೇಳಿದೆ, ‘ಅವಳು’ ಅಂದಾಗಲೂ ಹಾಗೇ ಆಗತ್ತಾ? ಇಲ್ಲ, ಅದು ಹಿತವಾಗಿದೆ ಅಂದ್ರು. ಅಲ್ಲಿಗೆ ತೊಂದರೆ ಯಾವುದು ಅಂತ ಗೊತ್ತಾಯ್ತು, ಹೆಣ್ತನದ್ದಲ್ಲ, ಆ ಹೆಸರಿನದ್ದು. ಹದಿನೈದನೇ ವಯಸ್ಸಲ್ಲಿ ಆರಿಸಿದ ಹೆಸರು ಇಪ್ಪತ್ತೇಳನೇ ವಯಸ್ಸಿನವರಿಗೆ ಬಿಗಿ ಆಗಿತ್ತು. ನಿಧಿ ಅಂತ ಬದಲಿಸಿದ್ಮೇಲೆ ಒಂಬತ್ತನೇ ದಿನಕ್ಕೋ ಹತ್ತನೇ ದಿನಕ್ಕೋ, ಫ್ರೆಂಡ್ ಹಿಂದಿನಿಂದ ಕೂಗಿದಾಗ ಯೋಚ್ನೆ ಮಾಡೋಕೆ ಮುಂಚೆನೇ ತಿರುಗಿದ್ರಂತೆ.

ಇದನ್ನ ಇಷ್ಟು ಎಳೆದು ಹೇಳಿದ್ದು ಯಾಕಂದ್ರೆ ಎಲ್ಲವನ್ನೂ ಒಂದೇ ದಿನ ಬದಲಿಸಿದ್ರೆ ಯಾವುದು ಚುಚ್ಚುತ್ತಿದೆ ಅಂತ ಗೊತ್ತಾಗೋದೇ ಇಲ್ಲ. ಹೆಸರು, ಸರ್ವನಾಮ, ಬಟ್ಟೆ ಬೇರೆ ಬೇರೆ ದಾರಗಳು, ಒಂದೊಂದಾಗಿ ಎಳೆದು ನೋಡಿದ್ರೆ ಯಾವುದು ಗಂಟು ಅಂತ ಕೈಗೆ ಸಿಗತ್ತೆ. ಮತ್ತೆ ಇನ್ನೊಂದು, ಮೂರು ವಾರದಲ್ಲಿ ಹೆಸರು ಬದಲಾಗಿದ್ದು ಇಬ್ಬರಿಗೆ ಮಾತ್ರ ಗೊತ್ತಾಯ್ತು. ಅದೇ ಆಫೀಸಿಗೆಲ್ಲ ಮಾನಸ ಅಂತ ಹೇಳಿ ಆಮೇಲೆ ನಿಧಿ ಅಂದಿದ್ರೆ ‘ನೋಡಿ ಇವರಿಗೇ ಗೊತ್ತಿಲ್ಲ’ ಅನ್ನೋ ಮಾತು ಕೇಳ್ಬೇಕಾಗ್ತಿತ್ತು. ಹೆಸರನ್ನ ಪರೀಕ್ಷೆ ಮಾಡೋಕೆ ಕನ್ನಡಿ ಮುಂದೆ ಮೆತ್ತಗೆ ಹೇಳ್ಕೊಳ್ಳೋದು ಸಾಲದು, ಫ್ರೆಂಡ್ಸ್ ಆ ಹೆಸರು ಹಿಡಿದು ಬೈಯೋದನ್ನ ಕೇಳಿ, ಅವಸರದಲ್ಲಿ ಕರೆಯೋದನ್ನ ಕೇಳಿ, ಕೆಟ್ಟ ದಿನ ಫೋನಲ್ಲಿ ಕೇಳಿ. ಹಳೇ ಹೆಸರಿನ ಮೊದಲಕ್ಷರಾನೇ ಇಟ್ಕೊಳ್ಳೋವ್ರೂ ಇದ್ದಾರೆ, ಇನಿಷಿಯಲ್ ಹಾಗೇ ಉಳಿಯತ್ತೆ ಅನ್ನೋದು ಅನುಕೂಲ, ಆದ್ರೆ ಬಾಯಿ ಆ ಅಕ್ಷರದಿಂದ ಶುರು ಆದ ತಕ್ಷಣ ಅಭ್ಯಾಸದಿಂದ ಹಳೇ ಹೆಸರಿಗೇ ಜಾರತ್ತೆ ಅಂತ ಹಲವರು ನನ್ನ ಹತ್ರ ಹೇಳಿದ್ದಾರೆ.

ಹೆಸರು ಸುಮ್ನೆ ಅಲಂಕಾರ ಅಂತ ಅಂದ್ಕೊಳ್ಳೋವ್ರಿಗೆ ನಾನು ಒಂದು ಅಧ್ಯಯನ ತೋರಿಸ್ತೀನಿ. 2018ರಲ್ಲಿ ಪ್ರಕಟ ಆಗಿದ್ದು, 129 ಟ್ರಾನ್ಸ್ ಮತ್ತು ಜೆಂಡರ್ ಚೌಕಟ್ಟಿಗೆ ಹೊಂದದ ಯುವಜನರನ್ನ ಮನೆ, ಸ್ಕೂಲು, ಕೆಲಸ, ಫ್ರೆಂಡ್ಸ್ ಈ ನಾಲ್ಕು ಕಡೆ ನಿಮ್ಮ ಹೆಸರಲ್ಲಿ ನಿಮ್ಮನ್ನ ಕರೀತಾರಾ ಅಂತ ಕೇಳಿದ್ರು. ಕರೆಯೋ ಕಡೆ ಒಂದೊಂದು ಜಾಸ್ತಿ ಆದ ಹಾಗೆ ಖಿನ್ನತೆಯ ಲಕ್ಷಣ, ಆತ್ಮಹತ್ಯೆಯ ಯೋಚನೆ ಎರಡೂ ಕಡಿಮೆ ಇದ್ವು, ಯೋಚನೆಯಲ್ಲಿ 29 ಶೇಕಡಾ ಇಳಿಕೆ ಅಂತ ಲೆಕ್ಕ. ಹೆಸರೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ, ಹೆಸರು ಹಿಡಿದು ಕರೆಯೋ ಮನೇಲಿ ಬೇರೆ ಪ್ರೀತೀನೂ ಇರತ್ತಲ್ಲ. ಆದ್ರೆ ಒಂದು ವಿಷಯ ನಂಗೆ ಮುಖ್ಯ ಅನ್ಸತ್ತೆ, ಅಲ್ಲಿ ಎಣಿಸಿದ್ದು ಒಂದೊಂದು ಕಡೇನ. ನಾಲ್ಕೂ ಕಡೆ ಆಗೋವರೆಗೂ ಏನೂ ಇಲ್ಲ ಅನ್ನೋ ಹಾಗಿಲ್ಲ, ಫ್ರೆಂಡ್ಸ್ ಹತ್ರ ಮಾತ್ರ ಆದ್ರೂ ಅದು ಒಂದು.

ಈಗ ‘ಅವಳು’ ವಿಷಯಕ್ಕೆ ಬರ್ತೀನಿ. ಪ್ರೊನೌನ್ ಬಗ್ಗೆ ನೆಟ್ಟಲ್ಲಿ ಓದಿದ್ದೆಲ್ಲ ಹೆಚ್ಚಾಗಿ ಇಂಗ್ಲಿಷ್ ಲೆಕ್ಕದ್ದು, ಅಲ್ಲಿ ಒಂದು ಪದ ಬದಲಿಸಿದ್ರೆ ಮುಗೀತು. ನಮ್ಮ ಭಾಷೇಲಿ ಸರ್ವನಾಮ ಬಿಟ್ರೂ ಕ್ರಿಯಾಪದದ ಬಾಲದಲ್ಲಿ ಗಂಡು ಹೆಣ್ಣು ಕೂತಿರತ್ತೆ. ನಿಧಿಯ ಫ್ರೆಂಡ್ ಮೊದಲ ವಾರ ಹೆಸರು ಒಂದು ಸಲಾನೂ ತಪ್ಪಿಲ್ಲ, ಆದ್ರೆ ‘ನಿಧಿ ಆಗ್ಲೇ ಬಂದ’ ಅಂದ. ಹೆಸರು ಸರಿ, ಬಾಲ ತಪ್ಪು. ತಾನು ತಪ್ಪಿದ್ದೀನಿ ಅಂತ ಅವನಿಗೆ ಗೊತ್ತೇ ಆಗ್ಲಿಲ್ಲ, ಯಾಕಂದ್ರೆ ಅವನು ಕಾವಲು ಕಾಯ್ತಿದ್ದಿದ್ದು ಹೆಸರನ್ನ ಮಾತ್ರ. ಅದಾದ್ಮೇಲೆ ‘ಬಂದ್ಲು, ಹೋದ್ಲು, ಹೇಳ್ತಾಳೆ’ ಅಂತ ಬಾಯಿಗೆ ರೂಢಿ ಆಗೋಕೆ ಅವನಿಗೆ ಒಂದೂವರೆ ತಿಂಗಳು ಹಿಡೀತು. ರೂಢಿ ಮಾಡಿಸಿದ್ದು ಹೇಗೆ ಅಂದ್ರೆ, ನಿಧಿ ಇಲ್ಲದಾಗ ಇಬ್ಬರು ಫ್ರೆಂಡ್ಸೂ ದಿನಾ ಎರಡು ನಿಮಿಷ ನಿಧಿ ಬಗ್ಗೆ ಮಾತಾಡ್ತಿದ್ರು, ನಿನ್ನೆ ಏನ್ ಮಾಡಿದ್ಲು, ನಾಳೆ ಎಲ್ಲಿಗೆ ಹೋಗ್ತಾಳೆ, ಕಾಲೇಜಲ್ಲಿ ಹೇಗಿದ್ಲು ಅಂತ. ಆ ಕೊನೇದು ಕಷ್ಟದ್ದು, ಹಳೇ ಕಥೆ ಹೇಳೋವಾಗ ಬಾಯಿ ಹಳೇ ಬಾಲಕ್ಕೇ ಹೋಗತ್ತೆ. ನೀವು ಎದುರಿಗೆ ಇರೋವಾಗ ನಿಮ್ಮ ಹತ್ರ ‘ನೀನು’ ಅಂತಾನೇ ಮಾತಾಡ್ತಾರೆ, ಅದ್ರಲ್ಲಿ ಗಂಡು ಹೆಣ್ಣು ಇಲ್ಲ, ಹಾಗಾಗಿ ನಿಮ್ಮ ಮುಂದೆ ಎಷ್ಟು ಹೊತ್ತು ಕೂತ್ರೂ ಅವರಿಗೆ ಪ್ರಾಕ್ಟೀಸ್ ಆಗಲ್ಲ. ನಿಮ್ಮ ಬೆನ್ನ ಹಿಂದೆ ಆಗ್ಬೇಕು.

ಆದ್ರೆ ಒಂದು ಜಾಗ ಇದೆ, ಎದುರಾ ಎದುರೇ ತಿಳಿಯೋದು. ‘ಬಾರೋ’ ಹೋಗಿ ‘ಬಾರೇ’ ಆಗೋದು, ‘ಇಲ್ಲ ಕಣೋ’ ಹೋಗಿ ‘ಇಲ್ಲ ಕಣೇ’ ಆಗೋದು. ಸಲಿಗೆ ಇರೋ ಸ್ನೇಹದಲ್ಲಿ ಮೊದಲ ಸಲ ಕಿವಿಗೆ ಬೀಳೋದು ಅದೇ. ನಿಧಿ ಹೇಳಿದ್ರು, ‘ಅವಳು’ ಅಂದಾಗ ಖುಷಿ ಆಯ್ತು, ಆದ್ರೆ ಸುಮ್ನೆ ಏನೋ ಜಗಳ ಆಡೋವಾಗ ‘ಸುಮ್ನಿರೇ ನೀನು’ ಅಂತ ಬಾಯ್ತಪ್ಪಿ ಬಂತು ನೋಡಿ ಮೇಡಂ, ಆವತ್ತು ರಾತ್ರಿ ಅತ್ತೆ ಅಂತ. ಯಾರೂ ಪ್ಲಾನ್ ಮಾಡಿ ಹೇಳಿದ್ದಲ್ಲ ಅದು, ಅದಕ್ಕೇ ಅಷ್ಟು ನಾಟಿದ್ದು.

ಇನ್ನೂ ಗೊತ್ತಿಲ್ಲದ ಜಾಗಗಳಲ್ಲಿ ನಮ್ಮ ಭಾಷೆ ಒಂದು ಉಪಕಾರಾನೂ ಮಾಡತ್ತೆ. ‘ನಾನು ಬಂದೆ’ ಅಂದ್ರೆ ಹೇಳಿದವರು ಗಂಡೋ ಹೆಣ್ಣೋ ಗೊತ್ತಾಗಲ್ಲ, ಹಾಗಾಗಿ ನಿಮ್ಮ ಬಗ್ಗೆ ನೀವು ಮಾತಾಡೋವಾಗ ಸುಳ್ಳೂ ಹೇಳ್ಬೇಕಾಗಿಲ್ಲ, ಬಯಲೂ ಆಗ್ಬೇಕಾಗಿಲ್ಲ. ಬೇರೆಯವರು ನಿಮ್ಮ ಬಗ್ಗೆ ಹೇಳೋದಕ್ಕೆ ‘ಅವರು ಬಂದ್ರು’ ಇದೆ, ಗೌರವದ ಮಾತು, ಯಾರೂ ಹುಬ್ಬೇರಿಸಲ್ಲ. ಆಫೀಸಲ್ಲಿ ನಿಮ್ಮ ಪರವಾಗಿರೋ ಒಬ್ಬ ಸಹೋದ್ಯೋಗಿ ನಿಮ್ಮನ್ನ ‘ಅವರು’ ಅಂತಾನೇ ಕರೆಯೋಕೆ ಶುರು ಮಾಡಿದ್ರೆ ಅದು ನಡುವಿನ ನಿಲ್ದಾಣ. ಗಂಡು ಹೆಣ್ಣು ಎರಡೂ ಅಲ್ಲ ಅನ್ನೋ ಕೆಲವರಿಗೆ ಅದೇ ಊರು, ಅವರು ಅಲ್ಲೇ ಇರ್ತಾರೆ. ಆದ್ರೆ ನಿಮ್ಮ ವಯಸ್ಸಿನ ಆಪ್ತರ ಬಾಯಲ್ಲಿ ಅದು ದೂರ ತಳ್ಳಿದ ಹಾಗೆ ಕೇಳ್ಬೋದು, ಹಾಗಾಗಿ ಫ್ರೆಂಡ್ಸ್ ಹತ್ರ ನೇರ ‘ಅವಳು’ಗೇ ಹೋಗಿ. ಅಣ್ಣ ಅಕ್ಕ, ಮಗ ಮಗಳು ಇವು ಇನ್ನೂ ಆಳದ್ದು, ಮನೆಯವರ ಬಾಯಲ್ಲಿ ಕೊನೆಗೆ ಬದಲಾಗೋದು ಇವೇ. ಹೆಸರು ಒಪ್ಪಿಕೊಂಡ ಅಪ್ಪ ಅಮ್ಮ ಕೂಡ ‘ನನ್ನ ಮಗಳು’ ಅನ್ನೋಕೆ ವರ್ಷ ತಗೊಂಡಿದ್ದು ನೋಡಿದ್ದೀನಿ.

ತಪ್ಪು ಹೇಳಿದಾಗ ಏನ್ ಮಾಡ್ಬೇಕು ಅಂತ ಫ್ರೆಂಡ್ಸ್‌ಗೆ ಮೊದಲೇ ಹೇಳಿಬಿಡಿ. ‘ಬಂದ, ಸಾರಿ, ಬಂದ್ಲು’ ಅಂತ ತಿದ್ಕೊಂಡು ಮಾತು ಮುಂದುವರಿಸೋದು ಅಷ್ಟೇ. ಅಯ್ಯೋ ನಾನೆಂಥವನು, ನನ್ನ ಕ್ಷಮಿಸು ಅಂತ ಐದು ನಿಮಿಷ ಎಳೆದ್ರೆ ಕೊನೆಗೆ ಅವರನ್ನ ಸಮಾಧಾನ ಮಾಡೋ ಕೆಲಸ ನಿಮ್ಮ ತಲೆ ಮೇಲೆ ಬೀಳತ್ತೆ.

ಬಟ್ಟೆಗೆ ಬರೋಣ. ಇಲ್ಲಿ ನಾನು ನೋಡೋ ದೊಡ್ಡ ಎಡವಟ್ಟು ಕೊಂಡು ಎಸೆಯೋ ಚಕ್ರ. ಒಂದು ರಾತ್ರಿ ಧೈರ್ಯ ಬಂದು ಒಟ್ಟಿಗೆ ಹತ್ತು ಡ್ರೆಸ್ ಆರ್ಡರ್ ಮಾಡ್ತಾರೆ, ಎರಡು ಸಲ ಹಾಕ್ತಾರೆ, ಕನ್ನಡಿಲಿ ಚೆನ್ನಾಗಿ ಕಾಣಲ್ಲ, ನಾಚಿಕೆ ಆಗತ್ತೆ, ಎಲ್ಲಾನೂ ಚೀಲಕ್ಕೆ ತುಂಬಿ ಎಸೀತಾರೆ, ಇನ್ನು ಇದೆಲ್ಲ ಬೇಡ ಅಂತ ಶಪಥ ಮಾಡ್ತಾರೆ, ನಾಲ್ಕು ತಿಂಗಳಾದ್ಮೇಲೆ ಮತ್ತೆ ಶುರು. ಈ ಚಕ್ರದಲ್ಲಿ ಸಿಕ್ಕಿದವರು ಬಟ್ಟೆ ಸರಿ ಇಲ್ಲ ಅನ್ನೋದನ್ನ ‘ನಾನು ಸರಿ ಇಲ್ಲ’ ಅಂತ ಓದ್ಕೋತಾರೆ. ಎಷ್ಟೋ ಸಲ ವಿಷಯ ಬರೀ ಹೊಲಿಗೆದು. ಹೆಂಗಸರ ಅಳತೆಯ ಟಾಪ್‌ಗಳಲ್ಲಿ ಭುಜ ಕಿರಿದಾಗಿರತ್ತೆ, ತೋಳಿನ ಹೊಲಿಗೆ ನಿಮ್ಮ ಭುಜದ ತುದಿಗಿಂತ ಒಳಗೆ ಕೂತ್ರೆ ಇಡೀ ಬಟ್ಟೆ ಮೇಲಕ್ಕೆ ಎಳೆಯತ್ತೆ, ಕೈ ಎತ್ತಿದ್ರೆ ಕಂಕುಳಲ್ಲಿ ಹಿಡಿಯತ್ತೆ, ನೋಡೋಕೆ ಬೇರೆಯವರ ಬಟ್ಟೆ ಹಾಕ್ಕೊಂಡ ಹಾಗೆ ಕಾಣತ್ತೆ. ಭುಜದ ಅಳತೆ ಟೇಪಲ್ಲಿ ತಗೊಂಡು ಅದಕ್ಕೆ ಸರಿ ಹೋಗೋ ಒಂದೇ ಒಂದು ಟಾಪ್ ತಗೊಳ್ಳಿ, ಸೊಂಟದ ಹತ್ರ ದೊಡ್ಡದಾದ್ರೆ ಟೈಲರ್ ಹಿಡೀತಾರೆ, ಭುಜ ಚಿಕ್ಕದಿದ್ರೆ ಬಿಡಿಸೋಕೆ ಬಟ್ಟೇನೇ ಇರಲ್ಲ.

ಆ ಒಂದು ಬಟ್ಟೆ ಹಾಕ್ಕೊಂಡು ಕನ್ನಡಿ ಮುಂದೆ ನಿಲ್ಲಬೇಡಿ ಮೊದಲು. ಮನೇಲಿ ಯಾರೂ ಇಲ್ಲದ ದಿನ ಹಾಕ್ಕೊಂಡು ರೂಮ್ ಗುಡಿಸಿ, ಲ್ಯಾಪ್‌ಟಾಪಲ್ಲಿ ಕೆಲಸ ಮಾಡಿ, ಮೂರು ನಾಲ್ಕು ಗಂಟೆ ಹಾಗೇ ಇರಿ. ಕನ್ನಡಿ ಮುಂದೆ ಹತ್ತು ನಿಮಿಷದಲ್ಲಿ ಗೊತ್ತಾಗೋದು ಹೇಗೆ ಕಾಣ್ತೀನಿ ಅಂತ, ಮೂರು ಗಂಟೇಲಿ ಗೊತ್ತಾಗೋದು ಹೇಗಿದ್ದೀನಿ ಅಂತ, ನಿಮಗೆ ಈಗ ಬೇಕಾಗಿರೋದು ಎರಡನೇದು. ಕಿರಿಕಿರಿ ಆದ್ರೆ ಒಂದು ಪ್ರಶ್ನೆ ಕೇಳ್ಕೊಳ್ಳಿ, ಇಡೀ ಜಗತ್ತು ಇದನ್ನ ಸಹಜ ಅಂತ ಒಪ್ಪಿದ್ರೂ ಈ ಕಿರಿಕಿರಿ ಇರ್ತಿತ್ತಾ? ಇರಲ್ಲ ಅನ್ಸಿದ್ರೆ ಅದು ಜನರ ಭಯ. ಇರತ್ತೆ ಅನ್ಸಿದ್ರೆ ಆ ಬಟ್ಟೆ ನಿಮ್ಮದಲ್ಲ, ಬೇರೆ ಥರದ್ದು ನೋಡಿ, ಎಷ್ಟೋ ಹೆಂಗಸರು ಜೀನ್ಸ್ ಶರ್ಟಲ್ಲೇ ಜೀವನ ಪೂರ್ತಿ ಇರ್ತಾರೆ, ಡ್ರೆಸ್ ಹಾಕ್ಲೇಬೇಕು ಅಂತ ಎಲ್ಲೂ ಇಲ್ಲ. ಮನೆ ಆಚೆಗೆ ನಿಧಾನಕ್ಕೆ ಹೋಗೋವ್ರು ಸಾಮಾನ್ಯವಾಗಿ ಯಾರೂ ಲಿಂಗ ಓದದ ವಸ್ತುಗಳಿಂದ ಶುರು ಮಾಡ್ತಾರೆ, ಕೂದಲು ಬಿಡೋದು, ಹುಬ್ಬು ಸ್ವಲ್ಪ ತೀಡಿಸೋದು, ಒಳಉಡುಪು, ಹೆಂಗಸರ ಕಟ್ ಇರೋ ಪ್ಯಾಂಟು. ಇವೆಲ್ಲ ಆಫೀಸಿಗೂ ಹಾಕ್ಕೊಂಡು ಹೋಗ್ಬೋದು, ನಿಮಗೆ ಮಾತ್ರ ಗೊತ್ತಿರತ್ತೆ.

ಇದನ್ನ ಓದ್ತಿರೋ ಟ್ರಾನ್ಸ್ ಗಂಡಸರಿಗೆ ಒಂದು ಮಾತು, ನಿಮ್ಮ ಪ್ರಶ್ನೆ ಅಲ್ಲ ಅಂದ್ರೂ ಹೇಳದೆ ಇರೋಕಾಗಲ್ಲ. ಎದೆ ಬಿಗಿಯೋಕೆ ಕ್ರೇಪ್ ಬ್ಯಾಂಡೇಜ್, ಪ್ಯಾಕಿಂಗ್ ಟೇಪು ದಯವಿಟ್ಟು ಬೇಡ, ಅವು ಉಸಿರಿಗೆ ಸಡಿಲ ಆಗಲ್ಲ. ಎದೆ ಚಪ್ಪಟೆ ಕಾಣೋಕೆ ಅಂತಾನೇ ಹೊಲಿದ ಒಳಉಡುಪು ಬೈಂಡರ್, ಅಳತೆಗೆ ಸರಿಯಾದ ಅದನ್ನೂ ದಿನಕ್ಕೆ ಎಂಟು ಗಂಟೆ ಮೇಲೆ ಬೇಡ, ಹಾಕ್ಕೊಂಡು ಮಲಗೋದು ಬೇಡ, ವಾರದಲ್ಲಿ ಬೈಂಡರ್ ಹಾಕದ ದಿನ ಇರ್ಬೇಕು. ಪಕ್ಕೆಲುಬು ನೋವು, ಉಸಿರು ಕಟ್ಟೋದು, ಬೆರಳು ಜುಮ್ಮೆನ್ನೋದು ಬಂದ್ರೆ ತಕ್ಷಣ ತೆಗೀರಿ.

ಎಲ್ಲಾನೂ ಎಣಿಸಿ ಇಟ್ಟ ಹೆಜ್ಜೆ ಎಲ್ಲಿ ಸೋರತ್ತೆ ಅಂದ್ರೆ, ಫೋನಲ್ಲಿ. ನಿಧಿ ಹೊಸ ಹೆಸರಲ್ಲಿ ಒಂದು ಸೋಶಿಯಲ್ ಮೀಡಿಯಾ ಅಕೌಂಟ್ ಮಾಡಿದ್ರು, ಫಾಲೋ ಮಾಡ್ತಿದ್ದಿದ್ದು ಇಬ್ಬರೇ, ಪ್ರೈವೇಟ್ ಕೂಡ. ಆದ್ರೆ ಹಳೇ ಫೋನ್ ನಂಬರಿಂದಾನೇ ರಿಜಿಸ್ಟರ್ ಮಾಡಿದ್ರು. ಆ ನಂಬರ್ ತನ್ನ ಕಾಂಟ್ಯಾಕ್ಟಲ್ಲಿ ಇಟ್ಕೊಂಡಿದ್ದ ಸಂಬಂಧಿಕರ ಹುಡುಗಿ ಒಬ್ಬಳಿಗೆ ಒಂದೇ ವಾರದಲ್ಲಿ ‘ಇವರು ನಿಮಗೆ ಗೊತ್ತಿರಬಹುದು’ ಅಂತ ಆ ಅಕೌಂಟ್ ತೋರಿಸ್ತು, ಹೊಸ ಹೆಸರು, ಫೋಟೋ ಸಮೇತ. ಪುಣ್ಯಕ್ಕೆ ಆ ಹುಡುಗಿ ಯಾರಿಗೂ ಹೇಳದೆ ನಿಧಿಗೇ ಮೆಸೇಜ್ ಮಾಡಿದ್ಲು. ಹಾಗಾಗಿ ಹೊಸ ಹೆಸರಿನ ಅಕೌಂಟಿಗೆ ಹೊಸ ಇಮೇಲ್ ಮಾಡ್ಕೊಳ್ಳಿ, ನಂಬರ್ ಕೊಡ್ಬೇಡಿ, ಕಾಂಟ್ಯಾಕ್ಟ್ ಸಿಂಕ್ ಆಫ್ ಮಾಡಿ. ನಿಮ್ಮ ಫೋಟೋಗಳು ಮನೆಯವರ ಜೊತೆ ಹಂಚಿಕೊಂಡಿರೋ ಕ್ಲೌಡಿಗೆ ತಾನಾಗೇ ಹೋಗ್ತಿದ್ಯಾ ನೋಡಿ. ಫ್ರೆಂಡ್ಸ್ ಫೋನಲ್ಲಿ ನಿಮ್ಮ ನಂಬರ್ ಸದ್ಯಕ್ಕೆ ಹಳೇ ಹೆಸರಲ್ಲೇ ಇರ್ಲಿ, ಕಾಲರ್ ಹೆಸರು ತೋರಿಸೋ ಕೆಲವು ಆ್ಯಪ್‌ಗಳು ಜನ ಸೇವ್ ಮಾಡ್ಕೊಂಡಿರೋ ಹೆಸರುಗಳಿಂದಾನೇ ಪಟ್ಟಿ ಕಟ್ತವೆ.

ಆಫೀಸಿನ ಹೆಜ್ಜೆ ನಿಧಿ ಇಟ್ಟಿದ್ದು ಹೆಸರು ಕೂತು ಎಂಟು ತಿಂಗಳಾದ್ಮೇಲೆ. ಅದರ ಕ್ರಮ ಮಾತ್ರ ಹೇಳ್ತೀನಿ, ನಿಮಗೆ ಆ ಹೊತ್ತು ಬಂದಾಗ ಇರ್ಲಿ ಅಂತ. ಮೊದಲು ಹೆಚ್‌ಆರ್‌ನಲ್ಲಿ ಒಬ್ಬರ ಹತ್ರ ತನ್ನ ಹೆಸರು ಹೇಳದೆ ಪಾಲಿಸಿ ಏನಿದೆ ಅಂತ ಕೇಳಿಸಿದ್ರು, ಸಹೋದ್ಯೋಗಿಯೊಬ್ಬರ ಮೂಲಕ. ಆಮೇಲೆ ಮ್ಯಾನೇಜರ್ ಹತ್ರ ಮಾತು, ತಾರೀಖಿಗೆ ಒಂದು ತಿಂಗಳು ಮುಂಚೆ. ಎಲ್ಲೆಲ್ಲಿ ಹೆಸರು ಬರತ್ತೆ ಅಂತ ಇಬ್ಬರೂ ಕೂತು ಬರೆದ್ರು, ಇಮೇಲ್ ಡಿಸ್‌ಪ್ಲೇ ಹೆಸರು, ವಿಡಿಯೋ ಕಾಲ್, ಐಡಿ ಕಾರ್ಡ್, ಚಾಟ್, ಇವು ಬದಲಾಗೋದು, ಸಂಬಳ ಮತ್ತೆ ಟ್ಯಾಕ್ಸಿನ ಕಾಗದಗಳಲ್ಲಿ ಕಾನೂನು ಪ್ರಕಾರ ಹೆಸರು ಬದಲಾಗೋವರೆಗೂ ಹಳೇದೇ. ಒಂದು ಶುಕ್ರವಾರ ಸಂಜೆ ಟೀಮಿಗೆ ಆರು ಸಾಲಿನ ಮೇಲ್ ಹೋಯ್ತು, ಸೋಮವಾರದಿಂದ ಹೊಸ ಹೆಸರು. ನಡುವೆ ಎರಡು ದಿನ ಜನರಿಗೆ ಅರಗಿಸ್ಕೊಳ್ಳೋಕೆ, ಅವರ ಅಚ್ಚರಿ ನಿಧಿ ಮುಖದ ಮೇಲೆ ಬೀಳದ ಹಾಗೆ. ಆದ್ರೂ ಒಂದು ಬಿಟ್ಟು ಹೋಗಿತ್ತು, ಮೀಟಿಂಗ್ ರೂಮ್ ಬುಕ್ ಮಾಡೋ ಹಳೇ ಸಿಸ್ಟಮ್, ಅದು ಬುಧವಾರ ಗೋಡೆ ಮೇಲಿನ ಸ್ಕ್ರೀನಲ್ಲಿ ಹಳೇ ಹೆಸರನ್ನ ದೊಡ್ಡ ಅಕ್ಷರದಲ್ಲಿ ತೋರಿಸ್ತು.

ಮನೆ ವಿಷಯ ಚಿಕ್ಕದಾಗಿ, ಯಾಕಂದ್ರೆ ನಿಮ್ಮ ಅಪ್ಪ ಅಮ್ಮ ಹೇಗೆ ಅಂತ ನಿಮಗೇ ಗೊತ್ತು. ಹೇಳೋಕೆ ಮುಂಚೆ ಮೂರು ವ್ಯವಸ್ಥೆ ಆಗಿರ್ಲಿ, ಒಂದು ತಿಂಗಳು ಉಳ್ಕೊಳ್ಳೋಕೆ ಜಾಗ, ನಿಮ್ಮೊಬ್ಬರ ಹೆಸರಲ್ಲೇ ಇರೋ ಅಕೌಂಟಲ್ಲಿ ಮೂರು ತಿಂಗಳ ಖರ್ಚು, ಸರ್ಟಿಫಿಕೇಟುಗಳು ನಿಮ್ಮ ಕೈಲಿ. ಬೇಕಾಗದೇ ಇರ್ಬೋದು, ಬೇಕಾಗದೇ ಇರ್ಲಿ, ಆದ್ರೂ ಇರ್ಲಿ.

ಹಿಂದೆ ಸರಿಯೋದ್ರ ಬಗ್ಗೆ ಹೇಳದೆ ಬಿಟ್ರೆ ಈ ಉತ್ತರ ಅರ್ಧ ಆಗತ್ತೆ. ಆಫೀಸಲ್ಲಿ ಹೇಳಿದ ಎರಡು ತಿಂಗಳಿಗೆ ನಿಧಿ ಮನೇಲಿ ಒಂದು ಸಾವಾಯ್ತು, ಹದಿನೈದು ದಿನ ಎಲ್ಲರ ಮುಂದೆ ಹಳೇ ಹೆಸರು, ಹಳೇ ಬಟ್ಟೇಲಿ ಇದ್ರು. ವಾಪಸ್ ಬಂದ್ಮೇಲೆ ‘ನಾನು ಎಲ್ಲಾ ಕಳ್ಕೊಂಡೆ’ ಅಂದ್ರು. ಕಳ್ಕೊಂಡಿರ್ಲಿಲ್ಲ, ಸೋಮವಾರ ಆಫೀಸಲ್ಲಿ ಯಾರೋ ನಿಧಿ ಅಂದ್ರು, ತಿರುಗಿದ್ರು. ಅಮೆರಿಕದಲ್ಲಿ 2015ರಲ್ಲಿ ನಡೆದ ದೊಡ್ಡ ಟ್ರಾನ್ಸ್ ಸರ್ವೇಲಿ, ಒಂದಲ್ಲ ಒಂದು ಹಂತದಲ್ಲಿ ಹಿಂದೆ ಸರಿದಿದ್ವಿ ಅಂದವರಲ್ಲಿ 82.5 ಶೇಕಡಾ ಜನ ಮನೆಯವರ ಒತ್ತಡ, ಸಮಾಜದ ಅವಮಾನ ಇಂಥ ಹೊರಗಿನ ಕಾರಣ ಒಂದಾದ್ರೂ ಹೇಳಿದ್ರು. ಅದು ಆಗಲೂ ಟ್ರಾನ್ಸ್ ಅಂತ ಗುರುತಿಸ್ಕೊಳ್ತಿದ್ದವರ ಸರ್ವೆ, ಬೇರೆ ದಾರಿ ಹಿಡಿದವರ ಮಾತು ಅದ್ರಲ್ಲಿ ಬಂದಿಲ್ಲ, ಅವರೂ ಇದ್ದಾರೆ. ಹಾಗಾಗಿ ನಿಮಗೆ ಹಿಂದೆ ಸರಿಯೋ ಮನಸ್ಸಾದ್ರೆ ಮೇಲಿನ ಪ್ರಶ್ನೇನೇ ಕೇಳ್ಕೊಳ್ಳಿ, ಜಗತ್ತು ಒಪ್ಪಿದ್ರೂ ಬೇಡ ಅನ್ಸತ್ತಾ ಅಂತ. ಎರಡಕ್ಕೂ ಉತ್ತರ ಬೇರೆ. ಭಯ ಆದ್ರೆ ಜಾಗ ಚಿಕ್ಕದು ಮಾಡ್ಕೊಂಡು ಇಬ್ಬರ ಹತ್ರಾನೇ ಇನ್ನೂ ಸ್ವಲ್ಪ ದಿನ ಇರಿ. ಬೇಡ ಅನ್ನೋದೇ ನಿಜ ಆದ್ರೆ ನಿಲ್ಲಿಸಿ, ಇಲ್ಲೀವರೆಗೂ ಮಾಡಿದ್ರಲ್ಲಿ ದೇಹದಲ್ಲಿ ಏನೂ ಬದಲಾಗಿಲ್ಲ, ನಿಮ್ಮ ಬಗ್ಗೆ ನಿಮಗೆ ಒಂದು ವಿಷಯ ಗೊತ್ತಾಗಿದೆ.

ಈಗ ಈ ವಾರ ಏನು ಅಂತ ಕೇಳಿದ್ರೆ, ಆ ಇಬ್ಬರಿಗೂ ಒಂದು ಮೆಸೇಜ್ ಕಳಿಸಿ. ನಿಮ್ಮ ಮಾತಲ್ಲೇ ಬರೀರಿ, ಇಷ್ಟು ಅದ್ರಲ್ಲಿ ಇರ್ಲಿ: ‘ಇವತ್ತಿಂದ ಮೂರು ವಾರ ನನ್ನ ಈ ಹೆಸರಲ್ಲಿ ಕರೀರಿ, ನಾವು ಮೂರೇ ಜನ ಇರೋವಾಗ ಮತ್ತೆ ನಮ್ಮ ಮೂರು ಜನರ ಚಾಟಲ್ಲಿ ಮಾತ್ರ. ನಾನಿಲ್ಲದಾಗ ನೀವಿಬ್ರೂ ನನ್ನ ಬಗ್ಗೆ ದಿನಾ ಎರಡು ನಿಮಿಷ ಮಾತಾಡಿ, ಬಂದ್ಲು ಹೋದ್ಲು ಅಂತ. ತಪ್ಪಾದ್ರೆ ತಿದ್ಕೊಂಡು ಮುಂದೆ ಹೋಗಿ. ಬೇರೆಯವರು ಇದ್ದಾಗ ಹಳೇ ಹೆಸರೇ ಇರ್ಲಿ, ನಾನೇ ಹೇಳೋವರೆಗೂ. ಹೆಸರು ಬದಲಾಯಿಸ್ಬೇಕು ಅನ್ಸಿದ್ರೆ ಬದಲಾಯಿಸ್ತೀನಿ, ಆಗ ಯಾಕೆ ಅಂತ ಕೇಳ್ಬೇಡಿ.’